ಎರಡನೆಯ ಸಲೂನ್ ತೆರೆಯುವ ದಿನ ಮೂರು ನಿಮಿಷದಲ್ಲಿ ಏನು ಹೇಳಬೇಕು?

ಪ್ರಶ್ನೆ: ಐದು ವರ್ಷಗಳ ಹಿಂದೆ ಎರಡು ಕುರ್ಚಿಗಳಿಂದ ಶುರು ಮಾಡಿದ ನನ್ನ ಸಲೂನ್‌ನ ಎರಡನೆಯ ಶಾಖೆ ಇನ್ನು ಹತ್ತು ದಿನಗಳಲ್ಲಿ ತೆರೆಯುತ್ತಿದೆ. ಮೊದಲ ವರ್ಷದಿಂದ ಬರುತ್ತಿರುವ ಗ್ರಾಹಕರನ್ನೂ ಸಿಬ್ಬಂದಿಯನ್ನೂ ನೆನೆದು ಚಿಕ್ಕದಾಗಿ ಮಾತನಾಡಬೇಕು. ಬರೆಯಲು ಕುಳಿತರೆ ‘ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು’ ಎಂಬುದಷ್ಟೇ ಬರುತ್ತದೆ. ಶುರುವಿನಲ್ಲಿ ಒಬ್ಬರ ಕೂದಲಿನ ಬಣ್ಣವನ್ನು ನಾನು ಕೆಡಿಸಿದ್ದೆ. ಅವರು ಮತ್ತೆ ಬಂದರು, ಇಂದಿಗೂ ಬರುತ್ತಾರೆ. ಅದನ್ನು ಹೇಳಬಹುದೇ? ಸಿಬ್ಬಂದಿ ಆರು ಜನ. ಮೂವರು ಹೊಸ ಶಾಖೆಗೆ ಬರುತ್ತಾರೆ. ಮೊದಲ ದಿನದಿಂದ ನನ್ನ ಜೊತೆಗಿರುವವರು ಹಳೆಯ ಶಾಖೆಯನ್ನು ನೋಡಿಕೊಳ್ಳುತ್ತಾರೆ. ಯಾರಾದರೂ ಬಿಟ್ಟುಹೋದರೆ ಎಂಬ ಭಯ, ನಡುವೆ ಅಳು ಬಂದರೆ ಎಂಬ ಭಯ ಎರಡೂ ಇವೆ. ಹೇಗೆ ಬರೆಯಲಿ?

ಉತ್ತರ: ಬಣ್ಣ ಕೆಟ್ಟ ಆ ಘಟನೆಯನ್ನು ಖಂಡಿತ ಹೇಳಿ. ನಿಮ್ಮ ಭಾಷಣದ ಪ್ರಾಣ ಅಲ್ಲೇ ಇದೆ. ಆದರೆ ‘ಬಣ್ಣ’ ಎಂಬ ಪದವನ್ನು ಬಿಟ್ಟು ಹೇಳಿ. ಇದು ಏಕೆಂದು ವಿವರಿಸಲು ಸ್ವಲ್ಪ ಜಾಗ ಬೇಕು. ಸಲೂನ್‌ನ ಭಾಷಣ ಬೇರೆ ಅಂಗಡಿಯ ಭಾಷಣಕ್ಕಿಂತ ಬೇರೆಯಾಗುವುದು ಈ ಒಂದು ಪದದ ಲೆಕ್ಕದಲ್ಲಿಯೇ.

ಬೇರೆಯವರಿಗಾಗಿ ಭಾಷಣ ಬರೆದುಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಸಲೂನ್‌ನ ಉದ್ಘಾಟನೆಗೂ ಬರೆದುಕೊಟ್ಟಿದ್ದೆ. ಮಾಲೀಕರು ಹಳೆಯ ಗ್ರಾಹಕರ ಬಗ್ಗೆ ಬಹಳ ಪ್ರೀತಿಯಿಂದ ಹೇಳಿಕೊಂಡಿದ್ದರು. ಅವುಗಳಲ್ಲಿ ಒಂದು ಕಥೆಯನ್ನು ಆರಿಸಿ ನಾನು ಹೀಗೆ ಬರೆದೆ: ‘ಕಾಯಿಲೆಯಿಂದ ಕೂದಲು ಉದುರಿದ್ದ ದಿನಗಳಲ್ಲಿ ನಮ್ಮನ್ನು ನಂಬಿ ಬಂದ ಇವರಿಗೆ ನಾವು ಋಣಿ.’ ಮಾಲೀಕರು ಓದುತ್ತಾ ಆ ಮಹಿಳೆಯ ಕಡೆ ಕೈ ತೋರಿಸಿದರು. ಪಕ್ಕದಲ್ಲಿ ನಿಂತಿದ್ದವರು ಅವರ ಸಹೋದ್ಯೋಗಿಗಳು. ಅವರಲ್ಲಿ ಯಾರಿಗೂ ಆ ಕಾಯಿಲೆಯ ವಿಷಯ ತಿಳಿದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಆ ಮಹಿಳೆ ಕೈಚೀಲವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದುದನ್ನು ನಾನು ಹಿಂದಿನಿಂದ ನೋಡಿದೆ. ಭಾಷಣ ಮುಗಿದಾಗ ಅವರು ಅಲ್ಲಿರಲಿಲ್ಲ. ತಪ್ಪು ಮಾಲೀಕರದಲ್ಲ, ಬರೆದುಕೊಟ್ಟ ನನ್ನದು.

ನೀವು ನಿತ್ಯ ನೋಡುವುದನ್ನೇ ನೆನಪಿಸಿಕೊಳ್ಳಿ. ಯಾರ ನೆತ್ತಿಯಲ್ಲಿ ಕೂದಲು ತೆಳುವಾಗುತ್ತಿದೆ, ಯಾರು ಎಷ್ಟು ವರ್ಷಗಳಿಂದ ಬಿಳಿ ಕೂದಲು ಮರೆಸುತ್ತಿದ್ದಾರೆ, ಯಾರ ತುಟಿಯ ಮೇಲಿನ ರೋಮ ತೆಗೆಯಬೇಕು, ಇವೆಲ್ಲ ನಿಮಗೆ ಗೊತ್ತು. ಅವರು ಕುರ್ಚಿಯಲ್ಲಿ ಕುಳಿತು ಹೇಳಿಕೊಂಡ ಮನೆಯ ಮಾತುಗಳೂ ಗೊತ್ತು. ಧನ್ಯವಾದ ಹೇಳುವಾಗ ಒಂದು ನಿರ್ದಿಷ್ಟ ಸಂಗತಿ ಇರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲದಿದ್ದರೆ ಅದು ಯಾರನ್ನೂ ಮುಟ್ಟುವುದಿಲ್ಲ. ಆದರೆ ಸಲೂನ್‌ನಲ್ಲಿ ನಿರ್ದಿಷ್ಟವಾದದ್ದೆಲ್ಲವೂ ಖಾಸಗಿ. ನಿಮ್ಮ ಲೇಖನಿ ‘ಹೃತ್ಪೂರ್ವಕ ಧನ್ಯವಾದ’ದ ಹತ್ತಿರ ನಿಂತುಬಿಟ್ಟಿರುವುದಕ್ಕೆ ಬಹುಶಃ ಇದೇ ಕಾರಣ. ಹೇಳಬೇಕಾದದ್ದು ಮನಸ್ಸಿನಲ್ಲಿದೆ, ಹೇಳಬಾರದು ಎಂಬ ಅಳುಕೂ ಜೊತೆಗಿದೆ. ಆ ಅಳುಕು ಸರಿಯಾದದ್ದೇ.

ಇದಕ್ಕೆ ದಾರಿ ಒಂದೇ. ನೀವು ಅವರಿಗೆ ಮಾಡಿದ್ದನ್ನು ಹೇಳಬೇಡಿ, ಅವರು ನಿಮಗೆ ಮಾಡಿದ್ದನ್ನು ಹೇಳಿ. ‘ಇವರ ಮದುವೆಗೆ ನಾವೇ ಅಲಂಕಾರ ಮಾಡಿದೆವು’ ಎಂಬುದು ನಿಮ್ಮ ಕೆಲಸದ ಮಾತು. ‘ತನ್ನ ಮದುವೆಯ ದಿನವನ್ನು ಆರು ತಿಂಗಳ ಹಿಂದಷ್ಟೇ ಬಾಗಿಲು ತೆರೆದಿದ್ದ ನಮ್ಮ ಕೈಗೆ ಒಪ್ಪಿಸಿದರು’ ಎಂಬುದು ಅವರ ಧೈರ್ಯದ ಮಾತು. ಘಟನೆ ಅದೇ, ಆದರೆ ಎರಡನೆಯ ಮಾತಿನಲ್ಲಿ ಮಾತ್ರ ಧನ್ಯವಾದ ಇದೆ. ಇನ್ನೊಂದು ಲಾಭವೂ ಇದೆ. ಗ್ರಾಹಕರು ನಿಮಗೆ ಮಾಡಿದ ಉಪಕಾರಗಳಲ್ಲಿ ಅವರ ದೇಹದ ವಿಷಯ ಬರುವುದೇ ಇಲ್ಲ. ತಡವಾದಾಗ ಕಾದು ಕುಳಿತದ್ದು, ತಂಗಿಯನ್ನೋ ಸ್ನೇಹಿತೆಯನ್ನೋ ಕರೆದುಕೊಂಡು ಬಂದದ್ದು, ತೊಳೆಯುವ ಬೇಸಿನ್ ಕುತ್ತಿಗೆಗೆ ಒತ್ತುತ್ತದೆ ಎಂದು ಮುಲಾಜಿಲ್ಲದೆ ಹೇಳಿದ್ದು, ಊರು ಬಿಟ್ಟು ಊರಿಗೆ ಮನೆ ಬದಲಿಸಿದರೂ ನಿಮ್ಮಲ್ಲಿಗೇ ಬಂದದ್ದು. ಇವನ್ನು ಯಾರ ಮುಂದೆ ಹೇಳಿದರೂ ಯಾರೂ ಕುಗ್ಗುವುದಿಲ್ಲ.

ಈಗ ನಿಮ್ಮ ಕಥೆಗೆ ಬರೋಣ. ‘ನಾನು ಅವರ ಕೂದಲಿನ ಬಣ್ಣ ಕೆಡಿಸಿದ್ದೆ’ ಎಂದರೆ ಅವರು ಬಣ್ಣ ಹಾಕಿಸಿಕೊಳ್ಳುತ್ತಾರೆ ಎಂಬುದು ಊರಿಗೆಲ್ಲ ತಿಳಿಯುತ್ತದೆ. ಕೆಲವರಿಗೆ ಅದು ಲೆಕ್ಕಕ್ಕಿಲ್ಲ, ಕೆಲವರಿಗೆ ಅದು ದೊಡ್ಡ ವಿಷಯ. ‘ಒಂದು ದಿನ ನನ್ನ ಕೈ ತಪ್ಪಿತು’ ಎಂದರೆ ತಪ್ಪು ನಿಮ್ಮಲ್ಲಿ ಉಳಿಯುತ್ತದೆ, ಗುಟ್ಟು ಅವರಲ್ಲಿ ಉಳಿಯುತ್ತದೆ, ಕಥೆಗೆ ಏನೂ ನಷ್ಟವಾಗುವುದಿಲ್ಲ. ಕಥೆ ಇರುವುದು ಬಣ್ಣದಲ್ಲಿ ಅಲ್ಲ, ಅವರು ಮರಳಿ ಬಂದು ಕುಳಿತದ್ದರಲ್ಲಿ.

ಹೆಸರು ಹೇಳಬೇಕೇ? ಗ್ರಾಹಕರ ಹೆಸರನ್ನು ಹೇಳದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಐವತ್ತು ಜನ ಹಳೆಯ ಗ್ರಾಹಕರಲ್ಲಿ ಮೂವರ ಹೆಸರು ಬಂದರೆ ಉಳಿದ ನಲವತ್ತೇಳು ಜನ ತಮ್ಮ ಹೆಸರಿಗಾಗಿ ಕಾಯುತ್ತಾರೆ. ಹೆಸರಿಲ್ಲದೆ ಹೇಳಿದ ಘಟನೆಯಲ್ಲಿ ಹಲವರು ತಮ್ಮನ್ನೇ ಕಾಣುತ್ತಾರೆ. ‘ಮಳೆಯಲ್ಲಿ ನೆನೆದು ಬಂದು ಬಾಗಿಲು ತೆರೆಯುವುದನ್ನು ಕಾದವರು’ ಎಂದರೆ ಹಾಗೆ ಕಾದಿದ್ದ ನಾಲ್ವರೂ ಮನಸ್ಸಿನಲ್ಲೇ ಮುಗುಳ್ನಗುತ್ತಾರೆ. ಆ ಒಬ್ಬರ ವಿಷಯದಲ್ಲಿ ಮಾತ್ರ, ಹೆಸರು ಬಿಟ್ಟರೂ, ಮೊದಲೇ ಫೋನ್ ಮಾಡಿ ಕೇಳಿ. ‘ನಿಮ್ಮ ಬಗ್ಗೆ ಒಳ್ಳೆಯದನ್ನು ಹೇಳುತ್ತೇನೆ, ಪರವಾಗಿಲ್ಲವೇ’ ಎಂದು ಕೇಳಿದರೆ ಸಾಲದು. ಹಾಗೆ ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಏನು ಹೇಳುತ್ತೀರೋ ಆ ನಾಲ್ಕು ವಾಕ್ಯಗಳನ್ನು ಓದಿ ಕೇಳಿಸಿ, ‘ಇದರಲ್ಲಿ ಯಾವುದಾದರೂ ಪದ ಬೇಡವೆನಿಸಿದರೆ ತೆಗೆಯುತ್ತೇನೆ’ ಎನ್ನಿ. ಅವರು ಒಂದು ಕ್ಷಣ ತಡೆದರೂ ಅದನ್ನು ಬೇಡವೆಂದೇ ತಿಳಿಯಿರಿ. ಆಗ ಬೇರೆ ಘಟನೆ ಹುಡುಕಿ.

ಬೇರೆ ಘಟನೆಗಳು ಎಲ್ಲಿ ಸಿಗುತ್ತವೆ? ಮೊದಲ ವರ್ಷದ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ. ಅದನ್ನು ಎಸೆದಿಲ್ಲವೆಂದು ಭಾವಿಸುತ್ತೇನೆ. ಒಂದು ಸಂಜೆ ಸಿಬ್ಬಂದಿಯ ಜೊತೆ ಕುಳಿತು ಮೊದಲ ಮೂರು ತಿಂಗಳ ಪುಟಗಳನ್ನು ತಿರುವಿ ಹಾಕಿ. ಹೆಸರುಗಳಿಗಿಂತ ಹೆಚ್ಚಾಗಿ ಖಾಲಿ ಸಾಲುಗಳು, ಹೊಡೆದುಹಾಕಿದ ಸಮಯಗಳು, ಅಂಚಿನಲ್ಲಿ ಗೀಚಿದ ಟಿಪ್ಪಣಿಗಳು ಮಾತು ತೆಗೆಯುತ್ತವೆ. ನೀವು ಮರೆತದ್ದನ್ನು ಅವರು ನೆನಪಿಸುತ್ತಾರೆ. ಭಾಷಣಕ್ಕೆ ಬೇಕಾದದ್ದು ಅಂಥ ಒಂದೇ ಒಂದು ಘಟನೆ. ಹತ್ತು ಸಿಕ್ಕರೂ ಒಂದನ್ನೇ ಇಟ್ಟುಕೊಳ್ಳಿ.

ಸಿಬ್ಬಂದಿಯ ವಿಷಯಕ್ಕೆ ಬಂದರೆ ನಿಯಮ ಪೂರ್ತಿ ತಿರುಗುತ್ತದೆ. ಅಲ್ಲಿ ಹೆಸರು ಹೇಳಲೇಬೇಕು, ಆರೂ ಜನರದ್ದು, ಒಬ್ಬರನ್ನೂ ಬಿಡದೆ. ಆರು ಹೆಸರುಗಳಿಗೆ ಸಮಯ ಸಾಲುತ್ತದೆ. ಇಪ್ಪತ್ತು ಜನರಿದ್ದಿದ್ದರೆ ಬೇರೆ ಸಲಹೆ ಕೊಡುತ್ತಿದ್ದೆ. ಪ್ರತಿಯೊಬ್ಬರಿಗೂ ಒಂದೇ ವಾಕ್ಯ, ಆ ವಾಕ್ಯದಲ್ಲಿ ಅವರು ಮಾಡುವ ಒಂದು ಕೆಲಸ. ‘ಬಹಳ ಶ್ರದ್ಧೆಯ ಹುಡುಗಿ’, ‘ನನ್ನ ಬಲಗೈ ಇದ್ದಂತೆ’ ಎಂಬ ಮಾತುಗಳನ್ನು ಹೊಡೆದುಹಾಕಿ. ಒಬ್ಬರು ಬಲಗೈ ಎಂದರೆ ಉಳಿದ ಐವರು ಏನು? ಅದರ ಬದಲು ಗ್ರಾಹಕರು ಗಮನಿಸಿರದ, ಆದರೆ ಕೇಳಿದ ಕೂಡಲೇ ಹೌದೆನ್ನುವ ಸಂಗತಿ ಹೇಳಿ. ಕೂದಲು ತೊಳೆಯುವವರು ನೀರನ್ನು ಮೊದಲು ತಮ್ಮ ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡಿಕೊಳ್ಳುತ್ತಾರೆ. ನೆಲ ಗುಡಿಸುವವರು ಒಂದು ಕುರ್ಚಿಯಿಂದ ಒಬ್ಬರು ಎದ್ದು ಇನ್ನೊಬ್ಬರು ಕೂರುವ ಮೊದಲು ಕತ್ತರಿಸಿದ ಕೂದಲೆಲ್ಲ ತೆಗೆದಿರುತ್ತಾರೆ. ರಿಸೆಪ್ಷನ್‌ನಲ್ಲಿ ಕುಳಿತವರು ಫೋನಿನ ದನಿಯಲ್ಲೇ ಯಾರೆಂದು ಗುರುತಿಸುತ್ತಾರೆ. ಇವೆಲ್ಲ ನಿಮ್ಮ ಕೋಣೆಯೊಳಗೆ ದಿನಕ್ಕೆ ಹತ್ತಾರು ಸಲ ನಡೆಯುವಂಥವು, ಯಾರ ಬಾಯಲ್ಲೂ ಬರದಂಥವು.

ಕ್ರಮವೂ ಮುಖ್ಯ. ದೊಡ್ಡ ಕೆಲಸದಿಂದ ಸಣ್ಣ ಕೆಲಸಕ್ಕೆ ಇಳಿಯುತ್ತಾ ಬಂದರೆ ಕೊನೆಯ ಹೆಸರು ಬಾಲದಂತೆ ತೂಗಾಡುತ್ತದೆ. ಸ್ವಚ್ಛತೆಯ ಕೆಲಸ ಮಾಡುವವರಿಂದ ಶುರು ಮಾಡಿ, ಮೊದಲ ದಿನದಿಂದ ಜೊತೆಗಿರುವವರನ್ನು ಕೊನೆಯಲ್ಲಿ ಇಡಿ. ಆಗ ಎಲ್ಲರೂ ಒಂದೇ ಎತ್ತರದಲ್ಲಿ ನಿಂತಂತೆ ಇರುತ್ತದೆ, ಕೊನೆಯವರಿಗೆ ಸಲ್ಲಬೇಕಾದದ್ದೂ ಸಲ್ಲುತ್ತದೆ. ಹೆಸರಿನ ಜೊತೆ ಕ್ರಿಯಾಪದವೂ ಗೌರವದ್ದೇ ಇರಲಿ. ದಿನವೂ ‘ಬಾ, ಹೋಗು’ ಎಂದು ಸಲುಗೆಯಿಂದ ಕರೆಯುವ ಚಿಕ್ಕವರನ್ನೂ ಆ ಮೂರು ನಿಮಿಷ ‘ಇವರು, ಮಾಡುತ್ತಾರೆ’ ಎಂದೇ ಹೇಳಿ. ‘ನನ್ನ ಹುಡುಗಿಯರು’, ‘ನನ್ನ ಕೈಕೆಳಗಿನವರು’ ಎಂಬ ಮಾತು ಬೇಡ. ‘ನನ್ನ ಜೊತೆ ಕೆಲಸ ಮಾಡುವವರು’ ಎಂದರೆ ಸಾಕು. ‘ನಾವೆಲ್ಲ ಒಂದೇ ಕುಟುಂಬ’ ಎಂಬುದನ್ನೂ ಬಿಡಿ. ಸಂಬಳ, ರಜೆ, ಕೆಲಸದ ಸಮಯ ಇರುವ ಜಾಗದಲ್ಲಿ ಆ ಮಾತನ್ನು ಕೇಳಿದ ಸಿಬ್ಬಂದಿಯ ಮುಖ ನಾನು ಬಹಳ ಸಲ ನೋಡಿದ್ದೇನೆ. ಅದು ಅರಳುವುದಿಲ್ಲ.

ಹಳೆಯ ಶಾಖೆಯಲ್ಲಿ ಉಳಿಯುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹೊಸ ಗೋಡೆ, ಹೊಸ ಕನ್ನಡಿ, ಹೊಸ ಕುರ್ಚಿಗಳ ನಡುವೆ ‘ಹೊಸ ಶಾಖೆಗೆ ಆಯ್ಕೆಯಾದ ಮೂವರು’ ಎಂದು ಹೇಳಿದರೆ ಉಳಿದ ಮೂವರು ಆಯ್ಕೆಯಾಗದವರು ಎಂದಾಯಿತು. ಉಳಿಯುವುದೂ ಒಂದು ಜವಾಬ್ದಾರಿ ಎಂಬಂತೆ ಹೇಳಿ: ‘ಮೊದಲ ಬಾಗಿಲಿನ ಕೀಲಿ ಇನ್ನು ಇವರ ಕೈಯಲ್ಲಿ.’ ಆದರೆ ಇಂಥ ಯಾವ ಮಾತನ್ನೂ ಅವರು ಅಲ್ಲಿಯೇ ಮೊದಲ ಸಲ ಕೇಳುವಂತಾಗಬಾರದು. ಯಾರು ಎಲ್ಲಿ, ಯಾರಿಗೆ ಯಾವ ಹೊಣೆ, ಸಂಬಳ ಹೆಚ್ಚಳ, ಇವು ಮೊದಲೇ ಒಬ್ಬೊಬ್ಬರ ಜೊತೆ ಕುಳಿತು ಮುಗಿಸುವ ಮಾತುಗಳು. ನೂರು ಜನರ ಮುಂದೆ ಜವಾಬ್ದಾರಿ ಘೋಷಿಸಿದರೆ ‘ಬೇಡ’ ಎನ್ನುವ ಅವಕಾಶವೇ ಅವರಿಗೆ ಇರುವುದಿಲ್ಲ.

ಕೆಲಸ ಬಿಟ್ಟುಹೋದವರು ಇದ್ದರೆ ಅವರಿಗೂ ಅರ್ಧ ವಾಕ್ಯ ಕೊಡಿ. ಹೆಸರು ಬೇಡ. ‘ಇಲ್ಲಿ ಕೆಲಸ ಮಾಡಿ ಮುಂದೆ ಹೋದವರನ್ನೂ ನೆನೆಯುತ್ತೇನೆ’ ಎಂದರೆ ಈಗ ಇರುವವರಿಗೂ ಒಂದು ನೆಮ್ಮದಿ ಸಿಗುತ್ತದೆ.

ಇನ್ನು ಒಂದು ಪ್ರಶ್ನೆ ಇದೆ. ಅದನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಹಳೆಯ ಗ್ರಾಹಕರೆಲ್ಲರ ಮನಸ್ಸಿನಲ್ಲೂ ಇದೆ. ‘ನನ್ನ ಕೂದಲು ಕತ್ತರಿಸುವವರು ಇನ್ನು ಎಲ್ಲಿರುತ್ತಾರೆ?’ ಅವರು ನಿಮಗೆ ಶುಭ ಕೋರಲು ಬಂದಿದ್ದಾರೆ, ನಿಜ. ಆದರೆ ಐದು ವರ್ಷಗಳಿಂದ ಒಂದೇ ಕೈಗೆ ತಲೆಯೊಡ್ಡಿದವರಿಗೆ ಆ ಕೈ ಬೇರೆ ವಿಳಾಸಕ್ಕೆ ಹೋಗುತ್ತಿದೆಯೇ ಎಂಬ ಚಿಂತೆ ಸಹಜ. ಅದಕ್ಕೆ ಉತ್ತರ ಸಿಗುವವರೆಗೆ ಉಳಿದ ಧನ್ಯವಾದ ಅವರ ಕಿವಿಗೆ ಇಳಿಯುವುದಿಲ್ಲ. ಹಾಗಾಗಿ ಒಂದು ವಾಕ್ಯದಲ್ಲಿ ನೇರವಾಗಿ ಹೇಳಿ: ಯಾರು ಯಾವ ಶಾಖೆಯಲ್ಲಿ, ನೀವು ವಾರದಲ್ಲಿ ಯಾವ ದಿನ ಎಲ್ಲಿ. ಈಡೇರಿಸಲು ಆಗುವುದನ್ನೇ ಹೇಳಿ. ‘ಯಾವುದೂ ಬದಲಾಗುವುದಿಲ್ಲ’ ಎಂಬುದು ನಿಜವಲ್ಲ, ಅವರಿಗೂ ಅದು ಗೊತ್ತು. ರಿಯಾಯಿತಿ, ಹೊಸ ಪ್ಯಾಕೇಜ್, ಸದಸ್ಯತ್ವ ಇವನ್ನು ಭಾಷಣದೊಳಗೆ ತರಬೇಡಿ. ಅವು ರಿಸೆಪ್ಷನ್ ಮೇಜಿನ ಮೇಲಿನ ಕಾಗದದಲ್ಲಿರಲಿ. ಧನ್ಯವಾದದ ಬೆನ್ನಿಗೆ ದರ ಬಂದರೆ ಧನ್ಯವಾದವೇ ಬಯಲಾಟದ ವೇಷದಂತೆ ಕಾಣುತ್ತದೆ.

ಪದಗಳ ಬಗ್ಗೆ ಒಂದು ಸಣ್ಣ ಮಾತು. ಬರೆಯುವಾಗ ‘ಗ್ರಾಹಕರು’ ಸರಿ, ಆದರೆ ಎದುರಿಗೇ ನಿಂತವರನ್ನು ‘ನಮ್ಮ ಗ್ರಾಹಕರು’ ಎಂದರೆ ಅವರು ದೂರ ಸರಿದಂತಾಗುತ್ತದೆ. ‘ಗಿರಾಕಿ’ ಎಂದರೆ ವ್ಯಾಪಾರದ ವಾಸನೆ. ‘ನೀವು’ ಎನ್ನಿ. ಕನ್ನಡದಲ್ಲಿ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ: ಬಂದಿರಿ, ಕಾದಿರಿ, ಕುಳಿತಿರಿ. ಇಡೀ ಭಾಷಣದಲ್ಲಿ ‘ಧನ್ಯವಾದ’ ಎಂಬ ಪದ ಎರಡೇ ಸಲ ಬರಲಿ. ಒಂದು ನಿಮ್ಮೆದುರು ನಿಂತವರಿಗೆ, ಇನ್ನೊಂದು ಜೊತೆಯಲ್ಲಿ ನಿಂತವರಿಗೆ.

ಉದ್ದ ಎಷ್ಟು? ಬಂದವರು ನಿಂತೇ ಕೇಳುತ್ತಾರೆ, ಮೂರು ನಿಮಿಷ ದಾಟಬೇಡಿ. ನಿಧಾನವಾಗಿ, ಉಸಿರು ತೆಗೆದುಕೊಂಡು ಕನ್ನಡದಲ್ಲಿ ಮಾತನಾಡಿದರೆ ನಿಮಿಷಕ್ಕೆ ಸುಮಾರು 80 ಪದ ಆಗುತ್ತದೆ ಎಂಬುದು ನಾನು ಗಡಿಯಾರ ಹಿಡಿದು ನೋಡಿಕೊಂಡ ಲೆಕ್ಕ. ನಮ್ಮ ಪದಗಳು ಉದ್ದ, ವಿಭಕ್ತಿ ಪ್ರತ್ಯಯಗಳನ್ನು ಹೊತ್ತುಕೊಂಡೇ ಬರುತ್ತವೆ. ಹಾಗಾಗಿ ಹಾಳೆಯಲ್ಲಿ 200ರಿಂದ 220 ಪದ ಇದ್ದರೆ ಸಾಕು, ಚಪ್ಪಾಳೆಗೂ ತಡವರಿಕೆಗೂ ಜಾಗ ಉಳಿಯುತ್ತದೆ.

ಕೆಳಗೆ ನಿಮಗಾಗಿ ಒಂದನ್ನು ಬರೆದಿದ್ದೇನೆ. ನಿಮ್ಮ ಪತ್ರದಲ್ಲಿ ಇಲ್ಲದ ಕಡೆ ಊಹಿಸಿದ್ದೇನೆ. ಆ ಜಾಗಗಳಲ್ಲಿ ನಿಮ್ಮಲ್ಲಿ ನಿಜವಾಗಿ ನಡೆದದ್ದನ್ನು ಇಡಿ. ಚುಕ್ಕೆಗಳಿರುವ ಕಡೆ ಹೆಸರು ತುಂಬಿಕೊಳ್ಳಿ.

> ಎಲ್ಲರಿಗೂ ನಮಸ್ಕಾರ.
>
> ಐದು ವರ್ಷಗಳ ಹಿಂದೆ ನಮ್ಮಲ್ಲಿದ್ದದ್ದು ಎರಡು ಕುರ್ಚಿ. ಎರಡೂ ಒಟ್ಟಿಗೆ ತುಂಬಿದ ಮೊದಲ ದಿನ, ಬಾಗಿಲು ಹಾಕಿದ ಮೇಲೆ ಅಪಾಯಿಂಟ್‌ಮೆಂಟ್ ಪುಸ್ತಕದ ಆ ಪುಟವನ್ನು ಮತ್ತೆ ಮತ್ತೆ ನೋಡಿದೆವು. ಆ ಪುಟದಲ್ಲಿ ಹೆಸರಿದ್ದವರು ಇವತ್ತು ಇಲ್ಲಿ ನಿಂತಿದ್ದೀರಿ.
>
> ಆ ವರ್ಷ ಒಂದು ದಿನ ನನ್ನ ಕೈ ತಪ್ಪಿತು. ನೀವು ಕನ್ನಡಿ ನೋಡಿಕೊಂಡಿರಿ, ಏನೂ ಹೇಳದೆ ಹೋದಿರಿ. ಇನ್ನು ಬರುವುದಿಲ್ಲ ಎಂದುಕೊಂಡೆ. ಮೂರು ವಾರಗಳ ನಂತರ ಬಂದು ಅದೇ ಕುರ್ಚಿಯಲ್ಲಿ ಕುಳಿತು ‘ಈ ಸಲ ನಿಧಾನವಾಗಿ ಮಾಡಿ’ ಎಂದಿರಿ. ಅಂದಿನಿಂದ ನಾನು ನಿಧಾನವಾಗಿಯೇ ಮಾಡುತ್ತಿದ್ದೇನೆ. ಕಲಿಯಲು ಸಮಯ ಕೊಟ್ಟ ನಿಮ್ಮೆಲ್ಲರಿಗೂ ಧನ್ಯವಾದ.
>
> ಈಗ ನನ್ನ ಜೊತೆ ಕೆಲಸ ಮಾಡುವವರು. ……, ನೀವು ಕೂರುವ ಮೊದಲೇ ಕುರ್ಚಿಯ ಸುತ್ತ ಒಂದು ಕೂದಲೂ ಉಳಿಯದಂತೆ ನೋಡಿಕೊಳ್ಳುತ್ತಾರೆ. ……, ನೀರಿನ ಬಿಸಿಯನ್ನು ಮೊದಲು ತಮ್ಮ ಕೈಮೇಲೆ ನೋಡುತ್ತಾರೆ. ……, ಫೋನಿನಲ್ಲಿ ನಿಮ್ಮ ದನಿ ಕೇಳಿಯೇ ಹೆಸರು ಬರೆದುಕೊಳ್ಳುತ್ತಾರೆ. ……, ಕತ್ತರಿ ಹಿಡಿಯುವ ಮೊದಲು ಎರಡು ಪ್ರಶ್ನೆ ಹೆಚ್ಚಾಗಿಯೇ ಕೇಳುತ್ತಾರೆ. ……, ಕೊನೆಯ ಅಪಾಯಿಂಟ್‌ಮೆಂಟ್‌ಗೂ ಮೊದಲನೆಯದರಷ್ಟೇ ಸಮಯ ಕೊಡುತ್ತಾರೆ. ಮತ್ತು ……, ಮೊದಲ ದಿನ ನನ್ನ ಜೊತೆ ಬಾಗಿಲು ತೆರೆದವರು. ಬಣ್ಣವನ್ನು ಮೊದಲು ಸ್ವಲ್ಪ ಚರ್ಮಕ್ಕೆ ಹಚ್ಚಿ ಎರಡು ದಿನ ಕಾಯದೆ ಮುಂದೆ ಹೋಗಬಾರದು ಎಂದು, ಆತುರದಲ್ಲಿದ್ದ ನನ್ನನ್ನೇ ತಡೆದವರು. ಮೊದಲ ಬಾಗಿಲಿನ ಕೀಲಿ ಇನ್ನು ಅವರ ಕೈಯಲ್ಲಿ. ನಿಮ್ಮ ಆರೂ ಜನರಿಗೆ ಧನ್ಯವಾದ. ನಮ್ಮಲ್ಲಿ ಕೆಲಸ ಮಾಡಿ ಮುಂದೆ ಹೋದವರನ್ನೂ ನೆನೆಯುತ್ತೇನೆ.
>
> ……, ……, …… ಇಲ್ಲಿರುತ್ತಾರೆ. ಉಳಿದ ಮೂವರು ಅಲ್ಲಿಯೇ ಇರುತ್ತಾರೆ. ನಾನು ವಾರದಲ್ಲಿ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ನಿಮ್ಮ ದಿನ ಯಾವುದೆಂದು ನಾವೇ ಫೋನ್ ಮಾಡಿ ಕೇಳುತ್ತೇವೆ.
>
> ಇವತ್ತು ಮೊದಲ ಸಲ ಬಂದಿರುವವರು ಹಳಬರನ್ನು ಕೇಳಿ ನೋಡಿ. ನಮ್ಮ ಬಗ್ಗೆ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬನ್ನಿ, ಒಳಗೆ ಎಲ್ಲವನ್ನೂ ತೋರಿಸುತ್ತೇವೆ.

ಬಣ್ಣವನ್ನು ಚರ್ಮಕ್ಕೆ ಹಚ್ಚಿ ನೋಡುವ ಮಾತು ಇಲ್ಲಿ ಬಂದಿದೆಯಲ್ಲ, ಅದು ಹೇಗೆ ಸರಿ ಎಂದು ನೀವು ಕೇಳಬಹುದು. ಅಲ್ಲಿ ಯಾವ ಗ್ರಾಹಕರ ಸುಳಿವೂ ಇಲ್ಲ. ಬಣ್ಣ ಒಗ್ಗದೆ ತುರಿಕೆ, ಊತ ಬರಬಹುದೆಂದು ಸುಮಾರು 48 ಗಂಟೆ ಮೊದಲೇ ಪ್ಯಾಚ್ ಟೆಸ್ಟ್ ಮಾಡುವುದು ನಿಮ್ಮ ಕಸುಬಿನ ಸಾಮಾನ್ಯ ಎಚ್ಚರಿಕೆ. ಮಾಲೀಕರನ್ನೇ ತಡೆದು ಅದನ್ನು ಪಾಲಿಸಿದ ಕೆಲಸಗಾರ್ತಿಯ ಬಗ್ಗೆ ಆ ಒಂದು ವಾಕ್ಯ ಹೇಳುವಷ್ಟನ್ನು ಹತ್ತು ವಿಶೇಷಣಗಳು ಹೇಳಲಾರವು. ನಿಮ್ಮಲ್ಲಿ ಅಂಥದ್ದು ನಡೆದಿರದಿದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳಬೇಡಿ. ಸಿಬ್ಬಂದಿಯ ಮುಂದೆ ಕಟ್ಟಿದ ಕಥೆ ನಿಲ್ಲುವುದಿಲ್ಲ.

‘ನೀವು ಕನ್ನಡಿ ನೋಡಿಕೊಂಡಿರಿ’ ಎಂಬಲ್ಲಿ ಆ ಒಬ್ಬರ ಮುಖವನ್ನೇ ನೋಡುತ್ತಾ ಹೇಳುವ ಆಸೆಯಾಗುತ್ತದೆ. ನೋಡಬೇಡಿ. ನಿಮ್ಮ ಕಣ್ಣು ಹೋದ ಕಡೆಗೆ ಎಲ್ಲರ ಕಣ್ಣೂ ಹೋಗುತ್ತದೆ, ಹೆಸರು ಮುಚ್ಚಿಟ್ಟದ್ದು ವ್ಯರ್ಥವಾಗುತ್ತದೆ. ಅವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಅಳುವಿನ ವಿಷಯ. ಅದು ಬಹುಮಟ್ಟಿಗೆ ಎರಡು ಕಡೆ ಬರುತ್ತದೆ: ಆ ಮೂರು ವಾರಗಳ ವಾಕ್ಯದಲ್ಲಿ, ಇಲ್ಲವೇ ಕೀಲಿಯ ವಾಕ್ಯದಲ್ಲಿ. ಬಂದರೆ ತಡೆಯಲು ಹೆಣಗಬೇಡಿ, ಕ್ಷಮೆಯನ್ನೂ ಕೇಳಬೇಡಿ. ನಿಲ್ಲಿಸಿ, ಬಾಯಿ ಮುಚ್ಚಿ ಮೂಗಿನಿಂದ ಒಮ್ಮೆ ಉಸಿರು ಬಿಡಿ, ಮುಂದಿನ ವಾಕ್ಯವನ್ನು ಹಾಳೆ ನೋಡಿ ಓದಿ. ಆ ಎರಡು ವಾಕ್ಯಗಳನ್ನು ಮಾತ್ರ ದಿನಕ್ಕೆ ಐದಾರು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಓದಿಕೊಂಡರೆ ಗಂಟಲು ಪಳಗುವುದಿಲ್ಲ. ಉಳಿದ ಭಾಗಕ್ಕೆ ಅಷ್ಟು ಅಭ್ಯಾಸ ಬೇಡ, ಬಾಯಿಪಾಠವಂತೂ ಬೇಡವೇ ಬೇಡ. ಹೆಸರು ಮರೆಯುವ ಭಯಕ್ಕೆ ಮದ್ದು ಅಂಗೈಯಗಲದ ಗಟ್ಟಿ ಕಾರ್ಡ್. ಆರು ಹೆಸರುಗಳು ಆರು ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಅವರವರ ಕೆಲಸದ ಒಂದೊಂದು ಪದ. ತೆಳು ಕಾಗದ ನಡುಗಿದರೆ ಕಾಣುತ್ತದೆ, ಗಟ್ಟಿ ಕಾರ್ಡ್ ನಡುಗಿದರೂ ಕಾಣುವುದಿಲ್ಲ. ಸ್ವಂತ ಜನರ ಹೆಸರನ್ನು ನೋಡಿ ಓದಿದರೆ ತಪ್ಪೆಂದು ಯಾರೂ ಭಾವಿಸುವುದಿಲ್ಲ, ಒಂದು ಹೆಸರು ಬಿಟ್ಟುಹೋದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ನಿಲ್ಲುವ ಜಾಗವನ್ನು ಹಿಂದಿನ ದಿನವೇ ಆರಿಸಿಕೊಳ್ಳಿ. ಸಲೂನ್ ಭಾಷಣಕ್ಕೆ ಕಷ್ಟದ ಕೋಣೆ, ಏಕೆಂದರೆ ಎಲ್ಲೆಲ್ಲೂ ಕನ್ನಡಿ. ನಿಮ್ಮ ಬೆನ್ನ ಹಿಂದೆ ಕನ್ನಡಿಯಿದ್ದರೆ ಕೇಳುವವರು ನಿಮ್ಮನ್ನು ಬಿಟ್ಟು ತಮ್ಮನ್ನೇ ನೋಡಿಕೊಳ್ಳುತ್ತಾರೆ. ಎದುರಿಗೆ ಕನ್ನಡಿಯಿದ್ದರೆ ನೀವು ನಿಮ್ಮನ್ನೇ ನೋಡಿಕೊಂಡು ಮುಂದಿನ ಪದ ಮರೆಯುತ್ತೀರಿ. ಎರಡೂ ಇಲ್ಲದ ಗೋಡೆ ಹುಡುಕಿ. ಬಹುತೇಕ ಕಡೆ ಅದು ರಿಸೆಪ್ಷನ್ ಮೇಜಿನ ಪಕ್ಕ ಇರುತ್ತದೆ. ಅತಿಥಿಗಳನ್ನು ಕತ್ತರಿಸುವ ಕುರ್ಚಿಗಳಲ್ಲಿ ಕೂರಿಸಬೇಡಿ. ಅವು ತಿರುಗುತ್ತವೆ, ಮುಖ ಕನ್ನಡಿಯ ಕಡೆಗೇ ಇರುತ್ತದೆ. ಗಾಜು ಮತ್ತು ಟೈಲ್ಸ್ ನಡುವೆ ದನಿ ಹೊಡೆದು ಮರಳುತ್ತದೆ, ಬೇಗ ಮಾತನಾಡಿದರೆ ಪದಗಳು ಒಂದರ ಮೇಲೊಂದು ಬೀಳುತ್ತವೆ. ಮೂವತ್ತು, ನಲವತ್ತು ಜನರ ಕೋಣೆಯಾದರೆ ಮೈಕ್ ಬೇಡ, ಪ್ರತಿ ವಾಕ್ಯದ ಕೊನೆಯಲ್ಲಿ ಒಂದು ಉಸಿರಿನಷ್ಟು ನಿಲ್ಲಿ. ಹಾಡು, ಡ್ರೈಯರ್, ಎಲ್ಲವನ್ನೂ ಆರಿಸಲು ಒಬ್ಬರಿಗೆ ಮೊದಲೇ ಹೇಳಿಡಿ. ನೀವೇ ಕೈ ಸನ್ನೆ ಮಾಡಿ ಆರಿಸಲು ಹೇಳುವುದರಿಂದ ಭಾಷಣ ಶುರುವಾಗಬಾರದು.

ಕೊನೆಯದಾಗಿ, ಉದ್ಘಾಟನೆಯ ಆ ಹೊತ್ತಿನಲ್ಲಿ ಹಳೆಯ ಶಾಖೆ ತೆರೆದೇ ಇರುತ್ತದೆಯೇ? ಸಾಧ್ಯವಾದರೆ ಆ ಎರಡು ಗಂಟೆ ಅದನ್ನು ಮುಚ್ಚಿ, ಆರೂ ಜನ ನಿಮ್ಮ ಪಕ್ಕದಲ್ಲಿ ನಿಲ್ಲಲಿ. ಆಗದಿದ್ದರೆ ಅಲ್ಲಿ ಕತ್ತರಿ ಹಿಡಿದು ನಿಂತವರು ತಮ್ಮ ಹೆಸರು ಬಂದ ವಾಕ್ಯವನ್ನು ಯಾರದೋ ಮೊಬೈಲ್ ವಿಡಿಯೊದಲ್ಲಿ ಕೇಳಬೇಕಾಗುತ್ತದೆ. ಹಾಗಾಗದಂತೆ ಅಂದು ಬೆಳಗ್ಗೆ ಮೊದಲು ಹಳೆಯ ಶಾಖೆಗೆ ಹೋಗಿ. ಬಾಗಿಲು ತೆರೆಯುವ ಮುಂಚೆ ಆ ಎರಡು ಕುರ್ಚಿಗಳ ಹತ್ತಿರ ನಿಂತು, ಸಂಜೆ ಹೇಳುವುದನ್ನೇ, ಒಂದು ಪದವೂ ಬದಲಿಸದೆ, ಅವರಿಗೆ ಓದಿ ಹೇಳಿ.